ಪಗಾರದಿಂದ ಶುರುವಾದ ಪತ್ರ: ಪೋರ್ಚುಗಲ್‌ನ ಭಾಷಾ ಕೋರ್ಸಿಗೆ ಮೋಟಿವೇಶನ್ ಲೆಟರ್ ಬರೆಯುವುದು ಹೇಗೆ

ವಾಸ್ಕೋ, ಬೈನಾ, ಝುವಾರಿನಗರ, ಮಡಗಾಂವ್ ಕಡೆಯ ನಮ್ಮ ಕನ್ನಡದ ಹುಡುಗ ಹುಡುಗಿಯರಲ್ಲಿ ಕೆಲವರು ಈಗ ಪೋರ್ಚುಗೀಸ್ ಕಲಿಯುತ್ತಿದ್ದಾರೆ. ಒಂದೆರಡು ವರ್ಷ ಕಲಿತ ಮೇಲೆ ಪೋರ್ಚುಗಲ್‌ನ ಬೇಸಿಗೆ ಭಾಷಾ ಕೋರ್ಸಿಗೆ ಅರ್ಜಿ ಹಾಕುವ ಮನಸ್ಸಾಗುತ್ತದೆ. ಕೊಯಿಂಬ್ರಾ ವಿಶ್ವವಿದ್ಯಾಲಯ, ಲಿಸ್ಬನ್ ವಿಶ್ವವಿದ್ಯಾಲಯ ಎರಡೂ ಹೊರದೇಶದವರಿಗಾಗಿ ಇಂಥ ಕೋರ್ಸ್ ನಡೆಸುತ್ತವೆ, ಭಾಷೆಯ ಜೊತೆ ಅಲ್ಲಿನ ಸಂಸ್ಕೃತಿಯನ್ನೂ ಕಲಿಸುತ್ತವೆ. ಸ್ಕಾಲರ್‌ಶಿಪ್ ಬೇಕೆಂದರೆ ಅಂಕಪಟ್ಟಿಯ ಜೊತೆ ಸಾಮಾನ್ಯವಾಗಿ ಒಂದು ಮೋಟಿವೇಶನ್ ಲೆಟರ್ ಕೇಳುತ್ತಾರೆ. ಆಗ ನನಗೆ ಫೋನ್ ಬರುತ್ತದೆ. ಪ್ರಶ್ನೆ ಯಾವಾಗಲೂ ಒಂದೇ: 'ಅದ್ರಲ್ಲಿ ಏನು ಬರೀಬೇಕು?'

ಅದಕ್ಕೇ ಇಲ್ಲಿ ಒಂದೇ ಸಲ ಬರೆದಿಡುತ್ತಿದ್ದೇನೆ. ಉದಾಹರಣೆಗೆ ನಾನು ಹತ್ತಿರದಿಂದ ನೋಡಿದ ಒಂದು ಪತ್ರವನ್ನೇ ತೆಗೆದುಕೊಳ್ಳುತ್ತೇನೆ. ಬರೆದವಳು ಬೈನಾದ ಹುಡುಗಿ. ಗದಗ ಕಡೆಯ ಮನೆ, ಅಪ್ಪ ಗೌಂಡಿ ಕೆಲಸ ಮಾಡುತ್ತಾರೆ.

ಮೊದಲು ಒಂದು ಮಾತು. ಮೋಟಿವೇಶನ್ ಲೆಟರ್ ಅಂದರೆ ಬಯೋಡೇಟಾ ಅಲ್ಲ. ನೀವು ಏನೇನು ಮಾಡಿದ್ದೀರಿ ಎಂಬ ಪಟ್ಟಿ ಬಯೋಡೇಟಾದಲ್ಲಿ ಇರುತ್ತದೆ. ಈ ಕೋರ್ಸು ನಿಮಗೇ ಯಾಕೆ ಬೇಕು, ಈಗಲೇ ಯಾಕೆ, ಅಲ್ಲಿಗೇ ಯಾಕೆ ಎನ್ನುವುದು ಈ ಪತ್ರದಲ್ಲಿ ಇರಬೇಕು. ಹೆಚ್ಚಾಗಿ ಒಂದು ಪುಟದ ಕೆಲಸ.

ಏನೇನು ಬೇಕು

ಆ ವರ್ಷದ ಪ್ರಕಟಣೆಯ ಪೂರ್ತಿ ಪ್ರತಿ, ನಿಮ್ಮ ಭಾಷಾ ಮಟ್ಟದ ದಾಖಲೆ, ಒಂದು ನೋಟ್‌ಬುಕ್ಕು, ಕನಿಷ್ಠ ಎರಡು ವಾರ ಸಮಯ. ಭಾಷಾ ಮಟ್ಟ ಅಂದರೆ ಯುರೋಪಿನವರು ಎ1ರಿಂದ ಸಿ2ರವರೆಗೆ ಮಾಡಿಕೊಂಡ ಆರು ಮೆಟ್ಟಿಲು. ಎ1, ಎ2 ಶುರುವಿನ ಮೆಟ್ಟಿಲುಗಳು. ಬಿ1 ಮುಟ್ಟಿದರೆ ದಿನದ ವ್ಯವಹಾರ ತಾನಾಗಿ ನಡೆಸಬಹುದು. ಎರಡು ವಾರ ಯಾಕೆ ಅಂದರೆ, ಬರೆಯಲು ಎರಡು ದಿನ ಸಾಕು, ಬರೆಯುವುದಕ್ಕೆ ಏನಾದರೂ ಸಿಗಬೇಕಲ್ಲ, ಅದಕ್ಕೆ ಉಳಿದ ದಿನ ಬೇಕು.

1. ಪ್ರಕಟಣೆಯನ್ನು ಪೆನ್ಸಿಲ್ ಹಿಡಿದು ಓದಿ

ಕೋರ್ಸ್ ಎಷ್ಟು ವಾರ, ಬೆಳಿಗ್ಗೆ ಏನು ಪಾಠ, ಮಧ್ಯಾಹ್ನ ಏನು, ಪತ್ರ ಯಾವ ಭಾಷೆಯಲ್ಲಿರಬೇಕು, ಎಷ್ಟು ಪದ. ಇಷ್ಟನ್ನು ಗುರುತು ಹಾಕಿಕೊಳ್ಳಿ. ಕೋರ್ಸು ಏನು ಕೊಡುತ್ತದೋ ಅದನ್ನೇ ನೀವು ಕೇಳಬೇಕು. ನಾಲ್ಕು ವಾರದ ಭಾಷಾ ಕೋರ್ಸಿಗೆ 'ಲಿಸ್ಬನ್‌ನ ಪತ್ರಾಗಾರದಲ್ಲಿ ಸಂಶೋಧನೆ ಮಾಡುತ್ತೇನೆ' ಎಂದು ಬರೆದರೆ, ಇವರು ಪ್ರಕಟಣೆ ಓದಿಲ್ಲ ಎಂದು ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. ದಿನಕ್ಕೆ ನಾಲ್ಕೈದು ತಾಸು ಕ್ಲಾಸಿನಲ್ಲಿ ಕೂತ ಮೇಲೆ ಹಳೆಯ ಕೈಬರಹ ಓದಲು ಯಾರಿಗೂ ಆಗುವುದಿಲ್ಲ.

2. ಪ್ರವಾಸಿಯ ವಾಕ್ಯಗಳನ್ನು ಹೊರಗೆ ಹಾಕಿ

ಮೊದಲ ಕರಡಿನಲ್ಲಿ ಇವು ಬಂದೇ ಬರುತ್ತವೆ. ಬರಲಿ ಬಿಡಿ. ಬರೆದು ಮುಗಿಸಿದ ಮೇಲೆ ಪ್ರತಿ ವಾಕ್ಯಕ್ಕೂ ಒಂದು ಪ್ರಶ್ನೆ ಹಾಕಿ: ಎರಡು ದಿನ ಲಿಸ್ಬನ್ ಸುತ್ತಿ ಬಂದವರು ಇದನ್ನು ಬರೆಯಬಹುದಿತ್ತಾ? ಬರೆಯಬಹುದಿತ್ತು ಅಂದರೆ ಆ ವಾಕ್ಯ ಹೋಗಬೇಕು.

ಬೈನಾದ ಹುಡುಗಿಯ ಮೊದಲ ಕರಡು ಹೀಗಿತ್ತು: 'ಪೋರ್ಚುಗಲ್‌ನ ಶ್ರೀಮಂತ ಸಂಸ್ಕೃತಿ, ಫಾದು ಸಂಗೀತ, ನೀಲಿ ಹೆಂಚಿನ ಗೋಡೆಗಳು ನನ್ನನ್ನು ಚಿಕ್ಕಂದಿನಿಂದ ಸೆಳೆದಿವೆ. ಗೋವಾದಲ್ಲಿ ಹುಟ್ಟಿದ ನನಗೆ ಪೋರ್ಚುಗೀಸ್ ಪರಂಪರೆಯೊಂದಿಗೆ ಗಾಢ ನಂಟಿದೆ.' ಫಾದು ಅಂದರೆ ಅಲ್ಲಿನ ನೋವಿನ ಹಾಡಿನ ಪ್ರಕಾರ. ಇವಳು ಅದನ್ನು ಯಾವತ್ತು ಕೇಳಿದ್ದು ಅಂದರೆ ಹೋದ ತಿಂಗಳು, ಅದೂ ಎರಡು ಹಾಡು.

ಎರಡನೇ ವಾಕ್ಯದ ತೊಂದರೆ ಇನ್ನೂ ದೊಡ್ಡದು. ನಮ್ಮ ಮಕ್ಕಳಲ್ಲಿ ಇದನ್ನು ಪದೇ ಪದೇ ನೋಡುತ್ತೇನೆ. ಅಜ್ಜಿ ಪೋರ್ಚುಗೀಸ್ ಮಾತಾಡುತ್ತಿದ್ದ, ಮನೆಯಲ್ಲಿ ಹಳೆಯ ಪಿಯಾನೋ ಇದ್ದ ಗೋವಾದ ಹಳೇ ಮನೆತನದವರ ಧ್ವನಿಯನ್ನು ಸಾಲ ತರುತ್ತಾರೆ. ತಮ್ಮದು ಹೊರಗಿಂದ ಬಂದ ಮನೆ, ಮನೆಮಾತು ಕನ್ನಡ, ಹಾಗಾಗಿ ತಮಗೆ ಈ ಭಾಷೆಯ ಮೇಲೆ ಹಕ್ಕಿಲ್ಲ ಎಂದು ಒಳಗೊಳಗೇ ಅನ್ನಿಸುತ್ತದೆ, ಅದನ್ನು ಮುಚ್ಚಲು ಈ ಮಾತು. ದಯವಿಟ್ಟು ಮುಚ್ಚಬೇಡಿ. ಬೇರೆ ಯಾವ ಅರ್ಜಿದಾರರೂ ಬರೆಯಲಾಗದ್ದು ನಿಮ್ಮ ಹತ್ತಿರ ಇರುವುದೇ ಆ ಕನ್ನಡದ ಮನೆಯಲ್ಲಿ.

3. ನಿಮ್ಮ ಮನೆಯಿಂದಲೇ ಒಂದು ಪ್ರಶ್ನೆ ಹುಡುಕಿ

ಇದೇ ಮುಖ್ಯ ಹಂತ, ಇದಕ್ಕೇ ಒಂದು ವಾರ ಕೊಡಿ. ಕುತೂಹಲ ಇದೆ ಎಂದು ಬರೆದರೆ ಕುತೂಹಲ ಕಾಣುವುದಿಲ್ಲ. ಉತ್ತರ ಗೊತ್ತಿಲ್ಲದ ಒಂದು ಸಣ್ಣ ಪ್ರಶ್ನೆ ಇಟ್ಟುಕೊಂಡು ಸ್ವಲ್ಪ ದೂರ ಹೋಗಿ ನೋಡಿದ್ದೀರಿ ಅಂದರೆ ಕಾಣುತ್ತದೆ.

ನಾನು ಆ ಹುಡುಗಿಗೆ ಹೇಳಿದ್ದು ಇಷ್ಟೇ: ಒಂದು ವಾರ ಮನೆಯಲ್ಲಿ ಕಿವಿ ತೆರೆದು ಕೂತುಕೋ, ಕ್ಲಾಸಿನಲ್ಲಿ ಕೇಳಿದ ಪೋರ್ಚುಗೀಸ್ ಪದ ಎಲ್ಲಾದರೂ ಮನೆಯಲ್ಲಿ ಕೇಳಿಸಿದರೆ ಬರೆದುಕೋ. ಮೂರನೇ ದಿನಕ್ಕೆ ಅವಳ ನೋಟ್‌ಬುಕ್ಕಿನಲ್ಲಿ ಚಾವಿ, ಬಾಲ್ದಿ, ಇಸ್ತ್ರಿ, ಪಗಾರ ಸೇರಿದ್ದವು. ಚಾವಿ ಅಲ್ಲಿನ 'ಶಾವ್', ಬಾಲ್ದಿ ಅಲ್ಲಿನ 'ಬಾಲ್ದ್'. ಅರ್ಥ ಬದಲಾಗಿಲ್ಲ. ಆದರೆ ಪಗಾರ ಹಾಗಲ್ಲ. ಪೋರ್ಚುಗೀಸಿನಲ್ಲಿ 'ಪಗಾರ್' ಕ್ರಿಯಾಪದ, ಅರ್ಥ ಹಣ ಕೊಡುವುದು. ಅಲ್ಲಿ ಸಂಬಳಕ್ಕೆ ಬೇರೆಯೇ ಪದಗಳಿವೆ, 'ಸಲಾರಿಯು' ಅನ್ನುತ್ತಾರೆ, 'ಒರ್ದನಾದು' ಅನ್ನುತ್ತಾರೆ. ಕೊಡುವವನ ಬಾಯಲ್ಲಿ ಕ್ರಿಯೆಯಾಗಿದ್ದ ಪದ ನಮ್ಮಲ್ಲಿಗೆ ಬರುವಾಗ ತೆಗೆದುಕೊಳ್ಳುವವನ ಕೈಯಲ್ಲಿನ ವಸ್ತುವಾಗಿದೆ. ಇದು ಯಾಕೆ ಹೀಗಾಯಿತು? ಯಾರ ಕೈಯಿಂದ ಗದಗದವರೆಗೆ ಹೋಯಿತು, ಕೊಂಕಣಿಯಿಂದಲೋ ಮರಾಠಿಯಿಂದಲೋ? ಇದು ಪ್ರಶ್ನೆ.

ಇಲ್ಲಿಗೇ ನಿಲ್ಲಬೇಡಿ, ಒಂದು ಹೆಜ್ಜೆ ಮುಂದೆ ಹೋಗಿ. ಅವಳು ಗ್ರಂಥಾಲಯದಲ್ಲಿ ಸೆಬಾಸ್ಟಿಯಾಂವ್ ರೊದೊಲ್ಫೊ ದಲ್ಗಾದು ಅವರ ಪುಸ್ತಕ ಹುಡುಕಿದಳು. 1855ರಲ್ಲಿ ಗೋವಾದ ಅಸಗಾಂವ್‌ನಲ್ಲಿ ಹುಟ್ಟಿದ ಪಾದ್ರಿ ಅವರು, ದೊಡ್ಡ ಭಾಷಾ ಪಂಡಿತರು. ಏಷ್ಯಾದ ಸುಮಾರು ಐವತ್ತು ಭಾಷೆಗಳಿಗೆ ಹೋದ ಪೋರ್ಚುಗೀಸ್ ಪದಗಳನ್ನು ಒಂದೊಂದಾಗಿ ಪಟ್ಟಿ ಮಾಡಿದ್ದಾರೆ, ಅದರಲ್ಲಿ ಕನ್ನಡವೂ ಇದೆ. 1913ರಲ್ಲಿ ಆ ಪುಸ್ತಕ ಅಚ್ಚಾದದ್ದು ಕೊಯಿಂಬ್ರಾದಲ್ಲಿ. 1936ರಲ್ಲಿ ಅದರ ಇಂಗ್ಲಿಷ್ ಅನುವಾದ ಬರೋಡಾದಿಂದ ಬಂತು, ಹಾಗಾಗಿ ಎ2 ಮಟ್ಟದವರೂ ಓದಬಹುದು.

ಅದೇ ಓದಿನಲ್ಲಿ ಉಲ್ಟಾ ದಾರಿಯೂ ಅವಳಿಗೆ ಸಿಕ್ಕಿತು. ಪೋರ್ಚುಗಲ್‌ನಲ್ಲಿ 'ಕಾಂಜ' ಅಂದರೆ ಕೋಳಿ, ಅನ್ನ ಹಾಕಿದ ತಿಳಿ ಸಾರು. ಹುಷಾರಿಲ್ಲದವರಿಗೆ ಮನೆಯಲ್ಲಿ ಅದನ್ನೇ ಕೊಡುತ್ತಾರೆ. ಪದ ಹೋದದ್ದು ನಮ್ಮ ದಕ್ಷಿಣದ ಕಡಲತೀರದಿಂದ, ಮಲಯಾಳದ ಕಂಜಿ, ನಮ್ಮ ಗಂಜಿಯ ಒಡಹುಟ್ಟು. ಜ್ವರ ಬಂದಾಗ ಅವಳ ಅವ್ವ ಕೊಡುವುದೂ ಗಂಜಿಯನ್ನೇ ಅಲ್ವಾ! ಪದದ ಜೊತೆ ಬಳಕೆಯೂ ಹಾಗೇ ಉಳಿದಿದೆ. ಒಂದು ಪದ ಬಂತು, ಅರ್ಥ ತಿರುಗಿತು. ಇನ್ನೊಂದು ಹೋಯಿತು, ಸಾರಿಗೆ ಕೋಳಿ ಸೇರಿತು, ಆದರೆ ರೋಗಿಯ ಹಾಸಿಗೆಯ ಪಕ್ಕದ ಜಾಗ ಬಿಡಲಿಲ್ಲ. ಈ ಜೋಡಿ ಸಿಕ್ಕ ದಿನ ಅವಳ ಪತ್ರ ಮುಕ್ಕಾಲು ಮುಗಿದ ಹಾಗೆ.

ನೀವು ಇದೇ ಪದಗಳನ್ನು ಎತ್ತಬೇಡಿ. ನಿಮ್ಮಪ್ಪ ಮೀನು ಬೋಟಿನಲ್ಲಿದ್ದರೆ ಬೋಟಿನ ಮಾತು ಕೇಳಿ, ಅಮ್ಮ ಹೊಲಿಗೆ ಮಾಡಿದರೆ ಹೊಲಿಗೆಯ ಮಾತು ಕೇಳಿ. ಪದವೇ ಆಗಬೇಕೆಂದೂ ಇಲ್ಲ. ಓಣಿಯ ಹಬ್ಬ, ಅಡುಗೆ, ಮನೆ ಕಟ್ಟುವ ರೀತಿ ಯಾವುದಾದರೂ ಸರಿ. ಒಂದೇ ಎಚ್ಚರಿಕೆ: ಕೇಳೋಕೆ ಒಂದೇ ತರಹ ಇದೆ ಎಂದು ಪದಗಳಿಗೆ ನಂಟು ಕಟ್ಟಬೇಡಿ. ಮೇಜು ಮತ್ತು ಪೋರ್ಚುಗೀಸಿನ 'ಮೇಜ' ಒಂದೇ ಅನ್ನಿಸುತ್ತದೆ, ಆದರೆ ಫಾರ್ಸಿಯಲ್ಲೂ 'ಮೇಜ್' ಇದೆ. ಇಂಥ ಜಾಗದಲ್ಲಿ 'ಎರಡು ದಾರಿ ಸಾಧ್ಯ' ಎಂದು ಬರೆದರೆ ಗೌರವ ಜಾಸ್ತಿಯಾಗುತ್ತದೆ. ಖಚಿತವಾಗಿ ಹೇಳಿ ತಪ್ಪಿದರೆ ಭಾಷೆ ಕಲಿಸುವವರೇ ಕೂತಿರುವ ಸಮಿತಿ ತಕ್ಷಣ ಹಿಡಿಯುತ್ತದೆ.

4. 'ಗೋವಾದಲ್ಲೇ ಕಲಿಯಬಹುದಲ್ಲ?' ಎನ್ನುವುದಕ್ಕೆ ಉತ್ತರ ಕೊಡಿ

ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಓದುವವರ ತಲೆಯಲ್ಲಿ ಇದ್ದೇ ಇರುತ್ತದೆ. ಗೋವಾದಲ್ಲಿ ಪೋರ್ಚುಗೀಸ್ ಶಿಕ್ಷಕರಿದ್ದಾರೆ, ಪುಸ್ತಕಗಳಿವೆ, ಪಣಜಿಯಲ್ಲಿ ಹಳೆಯ ದಾಖಲೆಗಳ ಪತ್ರಾಗಾರವೇ ಇದೆ. ಹಾಗಾದರೆ ಅಲ್ಲಿಗೆ ಯಾಕೆ ಹೋಗಬೇಕು? 'ಭಾಷೆಯನ್ನು ಅದರ ತವರಿನಲ್ಲಿ ಕಲಿಯಬೇಕು' ಎನ್ನುವುದು ಉತ್ತರವಲ್ಲ.

ಇಲ್ಲಿ ಕೂತು ನಿಮ್ಮಿಂದ ಆಗದ ಒಂದು ಕೆಲಸ ಹೇಳಿ. ಕಿವಿಯದ್ದು ಒಂದು ಇದೆ: ಪೋರ್ಚುಗಲ್‌ನವರು ಒತ್ತು ಬೀಳದ ಸ್ವರಗಳನ್ನು ನುಂಗಿಬಿಡುತ್ತಾರೆ, 'ತೆಲೆಫೋನೆ' ಎಂದು ಬರೆದದ್ದು 'ತ್ಲ್‌ಫೋನ್' ಎಂದು ಕೇಳುತ್ತದೆ. ಬ್ರೆಜಿಲ್‌ನ ವಿಡಿಯೋ ನೋಡಿ ಕಲಿತವರಿಗೆ ಇದು ಹೊಸ ಭಾಷೆಯ ಹಾಗೇ ಇರುತ್ತದೆ.

ಆದರೆ ಆ ಹುಡುಗಿ ಹಿಡಿದದ್ದು ಇದಕ್ಕಿಂತ ಒಳ್ಳೆಯದು. ಯಾರನ್ನು ಹೇಗೆ ಕರೆಯಬೇಕು ಎನ್ನುವ ವಿಷಯ. ನಮಗೆ ನೀನು, ನೀವು ಇವೆ, ಮೇಲೆ ಗದಗದ 'ರೀ' ಇದೆ. ಪೋರ್ಚುಗೀಸಿನಲ್ಲಿ 'ತು' ಅಂದರೆ ನೀನು. 'ವೊಸೆ' ಅಂದರೆ ನೀವು ಎಂದು ಪಾಠದಲ್ಲಿ ಕಲಿಯುತ್ತೇವೆ, ಆದರೆ ಪೋರ್ಚುಗಲ್‌ನಲ್ಲಿ ಎದುರಿಗಿರುವವರಿಗೆ 'ವೊಸೆ' ಅಂದರೆ ಕೆಲವರಿಗೆ ಒರಟಾಗಿ ಕೇಳುತ್ತದೆ. ಎಷ್ಟೋ ಜನ ಆ ಪದವನ್ನೇ ಬಿಟ್ಟು ಹೆಸರಿನಿಂದಲೋ ಹುದ್ದೆಯಿಂದಲೋ ಕೇಳುತ್ತಾರೆ, 'ಟೀಚರ್‌ಗೆ ಕಾಫಿ ಬೇಕಾ?' ಎಂದು ಟೀಚರನ್ನೇ ಕೇಳಿದ ಹಾಗೆ. ಯಾರಿಗೆ ಯಾವುದು ಎನ್ನುವುದು ವ್ಯಾಕರಣದ ಪುಸ್ತಕದಲ್ಲಿ ಪೂರ್ತಿ ಸಿಗುವುದಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಉಳಿದುಕೊಂಡ ಮನೆಯಲ್ಲಿ ತಪ್ಪು ಮಾಡಿ ತಿದ್ದಿಸಿಕೊಳ್ಳಬೇಕು. ಅವಳು ಬರೆದದ್ದು: 'ನನ್ನ ಮನೆಮಾತಿನಲ್ಲಿ ಒಂದು ಅಕ್ಷರದಿಂದ ಗೌರವ ಕೊಡುತ್ತೇವೆ. ಪೋರ್ಚುಗೀಸಿನಲ್ಲಿ ಒಂದು ಪದ ಬಿಟ್ಟು ಗೌರವ ಕೊಡುತ್ತಾರೆ ಎಂದು ಶಿಕ್ಷಕರು ಹೇಳಿದರು. ಅದನ್ನು ನಾನು ಇನ್ನೂ ಒಮ್ಮೆಯೂ ಕೇಳಿಲ್ಲ.' ಆ ಕೊನೆಯ ವಾಕ್ಯವೇ 'ಅಲ್ಲಿಗೇ ಯಾಕೆ' ಎನ್ನುವುದಕ್ಕೆ ಉತ್ತರ.

5. ಇತಿಹಾಸಕ್ಕೆ ಎರಡೇ ವಾಕ್ಯ

ಗೋವಾದಿಂದ ಪೋರ್ಚುಗಲ್‌ಗೆ ಬರೆಯುವಾಗ 1510ರಿಂದ 1961ರವರೆಗಿನ ಆಳ್ವಿಕೆ ಪತ್ರದೊಳಗೆ ಬರದೆ ಇರುವುದಿಲ್ಲ. ಇಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಕದಂಬರಿಂದ ಶುರುಮಾಡಿ ವಿಜಯನಗರ, ಆದಿಲ್‌ಶಾಹಿ ಮುಗಿಸಿ ಅಲ್ಬುಕರ್ಕ್‌ಗೆ ಬರುವಷ್ಟರಲ್ಲಿ ಅರ್ಧ ಪುಟ ಖಾಲಿ. ಅವರಿಗೆ ಪಾಠ ಬೇಕಿಲ್ಲ. ಎರಡು, ಮೆಚ್ಚಿಸಲು 'ಪೋರ್ಚುಗೀಸರು ನಮಗೆ ಸಂಸ್ಕೃತಿ ಕೊಟ್ಟರು' ಎನ್ನುವುದು. ಇದನ್ನು ಓದಿದರೆ ಅಲ್ಲಿನ ಎಷ್ಟೋ ಅಧ್ಯಾಪಕರಿಗೇ ಮುಜುಗರವಾಗುತ್ತದೆ.

ಇದ್ದದ್ದನ್ನು ಇದ್ದ ಹಾಗೆ, ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟಷ್ಟು ಮಾತ್ರ ಹೇಳಿ. ಅವಳು ಹೇಳಿದ್ದು: 'ಪಗಾರ ಎಂಬ ಪದ ಬಂದದ್ದು ಆಳುವವರು ಕೂಲಿ ಕೊಡುತ್ತಿದ್ದ ಕಾಲದಲ್ಲಿ. ನಮ್ಮ ಮನೆಯವರು ಗೋವಾಕ್ಕೆ ಬಂದದ್ದು ಆ ಆಳ್ವಿಕೆ ಮುಗಿದ ಎಷ್ಟೋ ವರ್ಷದ ಮೇಲೆ, ಆದರೆ ಪದ ನಮಗಿಂತ ಮೊದಲೇ ನಮ್ಮ ಊರು ಮುಟ್ಟಿತ್ತು.' ಎರಡು ವಾಕ್ಯದಲ್ಲಿ ಇತಿಹಾಸ ಬಂತು, ಅವಳ ಜಾಗವೂ ಸ್ಪಷ್ಟವಾಯಿತು.

6. ನೀವು ಕೊಡುವುದೇನು

ವಿನಿಮಯ ಅಂದ ಮೇಲೆ ಕೊಡುವುದೂ ಇರಬೇಕು. 'ಭಾರತದ ಸಂಸ್ಕೃತಿಯ ರಾಯಭಾರಿಯಾಗುತ್ತೇನೆ', 'ಸೀರೆ ಉಟ್ಟು ನೃತ್ಯ ಮಾಡುತ್ತೇನೆ' ಎಂದು ಬರೆಯಬೇಡಿ, ನೃತ್ಯ ನಿಜವಾಗಿ ಕಲಿತಿದ್ದರೆ ಬೇರೆ ಮಾತು. ಅಳತೆಯಲ್ಲಿ ಸಣ್ಣದು, ಆದರೆ ಮಾಡಿ ತೋರಿಸಬಹುದಾದದ್ದು ಹೇಳಿ. ಅಲ್ಲಿರುವಾಗ ಒಂದು, ಬಂದ ಮೇಲೆ ಒಂದು. ಅವಳದು ಹೀಗಿತ್ತು: ಅಲ್ಲಿ ಸಹಪಾಠಿಗಳ ಭಾಷೆಗಳಿಂದ ಹತ್ತು ಪೋರ್ಚುಗೀಸ್ ಮೂಲದ ಪದ ಕೇಳಿ ಬರೆದುಕೊಳ್ಳುವುದು, ಕಾಂಜ ಮಾಡುವ ಒಂದು ಮನೆಯಲ್ಲಿ ಗಂಜಿ ಮಾಡಿ ತೋರಿಸುವುದು. ಬಂದ ಮೇಲೆ ನೆರೆಹೊರೆಯ ಕನ್ನಡ ಮಕ್ಕಳಿಗೆ ಎರಡು ಭಾನುವಾರ, ಮನೆಯ ಮಾತಿನಲ್ಲಿ ಅಡಗಿರುವ ಪೋರ್ಚುಗೀಸ್ ಪದ ಹುಡುಕುವ ಆಟ ಆಡಿಸುವುದು. ಶಾಲೆ ತೆರೆಯುತ್ತೇನೆ ಎಂದೇನೂ ಅಲ್ಲ, ಎರಡು ಭಾನುವಾರ.

ಹಿಂದಿರುಗುವ ಮಾತು ಇನ್ನೊಂದು ಕಾರಣಕ್ಕೂ ಬೇಕು. ಗೋವಾದಿಂದ ಪೋರ್ಚುಗಲ್‌ಗೆ ನೆಲೆಸಲು ಹೋಗುವವರು ಬಹಳ ಜನ ಎಂದು ಅಲ್ಲಿನವರಿಗೂ ಗೊತ್ತು. ಸುಮ್ನೆ 'ಖಂಡಿತ ವಾಪಸ್ ಬರುತ್ತೇನೆ' ಎಂದು ಆಣೆ ಇಡುವ ಬದಲು, ಮುಂದಿನ ಸೆಮಿಸ್ಟರ್ ಯಾವಾಗ ಶುರು, ಯಾವ ಪರೀಕ್ಷೆ ಬಾಕಿ ಎಂದು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

7. ಈಗ ಬರೆಯಿರಿ, ನಿಮ್ಮ ಮಟ್ಟದಲ್ಲೇ

ಮನೆಯ ದೃಶ್ಯದಿಂದ ಶುರುಮಾಡಿ. ಅವಳ ಕೊನೆಯ ಕರಡಿನ ಮೊದಲ ಸಾಲು: 'ಪ್ರತಿ ಶನಿವಾರ ಸಂಜೆ ಅವ್ವ ಅಪ್ಪನನ್ನು ಕೇಳುತ್ತಾಳೆ, ಪಗಾರ ಆತೇನ್ರಿ? ಇಪ್ಪತ್ತು ವರ್ಷ ಕೇಳಿದ ಈ ಮಾತಿನಲ್ಲಿ ಒಂದು ಪೋರ್ಚುಗೀಸ್ ಪದ ಇದೆ ಎಂದು ನನಗೆ ತಿಳಿದದ್ದು ಹೋದ ವರ್ಷ.' ಆಮೇಲೆ ಪ್ರಶ್ನೆ, ಅದಕ್ಕಾಗಿ ಇಲ್ಲಿಯವರೆಗೆ ಮಾಡಿದ್ದು, ಇಲ್ಲಿ ಆಗದ್ದು, ಕೋರ್ಸಿನ ಯಾವ ಭಾಗ ಅದಕ್ಕೆ ಬೇಕು, ಕೊಡುವುದು, ಹಿಂದಿರುಗುವುದು. ಪ್ರಶ್ನೆಗೆ ಜಾಗ ಜಾಸ್ತಿ ಕೊಡಿ, ಉಳಿದದ್ದಕ್ಕೆ ಕಡಿಮೆ.

ಪತ್ರ ಪೋರ್ಚುಗೀಸಿನಲ್ಲೇ ಇರಬೇಕು ಅಂದರೆ ನಿಮ್ಮ ಎ2 ಪೋರ್ಚುಗೀಸಿನಲ್ಲೇ ಬರೆಯಿರಿ, ಶಿಕ್ಷಕರಿಂದ ತಪ್ಪು ತಿದ್ದಿಸಿಕೊಳ್ಳಿ, ಆದರೆ ವಾಕ್ಯಗಳನ್ನೇ ಬದಲಾಯಿಸಲು ಬಿಡಬೇಡಿ. ಎ2 ಎಂದು ದಾಖಲೆ ಹೇಳುತ್ತದೆ, ಪತ್ರ ವಕೀಲರು ಬರೆದ ಹಾಗಿದೆ. ಆಗ ಉಳಿದದ್ದೂ ನಂಬಲು ಕಷ್ಟ. ಸಂದರ್ಶನ ಇದ್ದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಿಮ್ಮ ಮಟ್ಟವನ್ನು ಕೆಲಸದ ಮಾತಿನಲ್ಲೇ ಹೇಳಿ: 'ಅಂಗಡಿಯಲ್ಲಿ ಮಾತಾಡಬಲ್ಲೆ, ಸುದ್ದಿ ಕೇಳಿದರೆ ಅರ್ಧ ತಪ್ಪಿಹೋಗುತ್ತದೆ.'

8. ಕಳಿಸುವ ಮುನ್ನ

ನಿಮ್ಮನ್ನು ಗೊತ್ತಿಲ್ಲದ ಒಬ್ಬರಿಗೆ ಪತ್ರ ಓದಲು ಕೊಟ್ಟು, ಪತ್ರ ಎತ್ತಿಟ್ಟು, 'ನನ್ನ ಪ್ರಶ್ನೆ ಏನು?' ಎಂದು ಕೇಳಿ. ಅವರು 'ಪೋರ್ಚುಗಲ್ ನೋಡೋ ಆಸೆ' ಅಂದರೆ ಮೂರನೇ ಹಂತಕ್ಕೆ ವಾಪಸ್ ಹೋಗಬೇಕು.

ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ, ಮಧ್ಯೆ ಅಪ್ಪನ ಹೆಸರು, ಹೀಗೆ ಕಲಸಿರುತ್ತದೆ. ಮೂರು ಕಾಗದದಲ್ಲಿ ಮೂರು ಹೆಸರಾದರೆ ವೀಸಾ ಹೊತ್ತಿನಲ್ಲೂ ಕಾಡುತ್ತದೆ. ಈ ಪತ್ರದ ಒಂದು ಪ್ರತಿ ಇಟ್ಟುಕೊಂಡಿರಿ, ಯಾಕೆ ಹೋಗುತ್ತಿದ್ದೀರಿ ಎಂದು ವೀಸಾ ಅರ್ಜಿಯಲ್ಲಿ ಹೇಳುವುದೂ ಪತ್ರದಲ್ಲಿರುವುದೂ ಒಂದೇ ಆಗಿರಬೇಕು.

ಕೊನೆಯ ದಿನದ ಗಂಟೆ ನೋಡಿ. ಪೋರ್ಚುಗಲ್ ಚಳಿಗಾಲದಲ್ಲಿ ನಮಗಿಂತ ಐದೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಆ ವ್ಯತ್ಯಾಸ ನಿಮ್ಮ ಕಡೆಗೇ ಇದೆ. ಆದರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಒಂದು ದಿನ ಮೊದಲೇ ಕಳಿಸಿ, ಬಂದ ರಸೀದಿ ಇಮೇಲನ್ನು ಪದಗಳ ನೋಟ್‌ಬುಕ್ಕಿನ ಜೊತೆಗೇ ಇಡಿ. ಸಂದರ್ಶನಕ್ಕೆ ಕರೆದರೆ ಮೊದಲು ತೆರೆಯಬೇಕಾದದ್ದು ಆ ನೋಟ್‌ಬುಕ್ಕನ್ನೇ.